ತಾರಸಿಗೆ ಎಷ್ಟು ಮೂಟೆ ಸಿಮೆಂಟ್, ಎಷ್ಟು ಮರಳು, ಎಷ್ಟು ಜಲ್ಲಿ?

ತುಮಕೂರಿನ ಹೊರವಲಯದಲ್ಲಿ ನನ್ನ ಚಿಕ್ಕಪ್ಪನ ಮಗ ಮನೆ ಕಟ್ಟಿಸುತ್ತಿದ್ದಾಗ, ತಾರಸಿ ಹಾಕುವುದಕ್ಕೆ ನಾಲ್ಕು ದಿನ ಮುಂಚೆ ಫೋನ್ ಮಾಡಿದ. "ಅಣ್ಣ, ಮೇಸ್ತ್ರಿ 80 ಮೂಟೆ ತರಿಸಿ ಅನ್ನುತ್ತಾರೆ, ಅಂಗಡಿಯವರು 60 ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?" ಎಂದು ಕೇಳಿದ. ಯಾರ ಮಾತನ್ನೂ ಕೇಳಬೇಡ, ಟೇಪ್ ಹಿಡಿದು ಸೆಂಟ್ರಿಂಗ್ ಮೇಲೆ ಹತ್ತು ಎಂದೆ. ಅವತ್ತು ಅವನಿಗೆ ಕಾಗದದ ಮೇಲೆ ಮಾಡಿಕೊಟ್ಟ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬಿಡಿಸಿ ಬರೆಯುತ್ತಿದ್ದೇನೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು, ಯಾರು ಬೇಕಾದರೂ ಮಾಡಬಹುದು.

ಇದು ಎಂ20 ದರ್ಜೆಯ ಕಾಂಕ್ರೀಟ್‌ನ ಲೆಕ್ಕ. ಎಂದರೆ 15 ಸೆಂ.ಮೀ. ಅಳತೆಯ ಘನವೊಂದನ್ನು ಎರಕ ಹೊಯ್ದು 28 ದಿನಗಳ ನಂತರ ಒತ್ತಿ ನೋಡಿದರೆ ಪ್ರತಿ ಚದರ ಮಿಲಿಮೀಟರ್‌ಗೆ 20 ನ್ಯೂಟನ್ ತಾಳಬೇಕಾದ ಕಾಂಕ್ರೀಟ್. ಇದಕ್ಕೆ ವಾಡಿಕೆಯ ಪ್ರಮಾಣ 1 : 1.5 : 3. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಕಂಬಿ ಕಟ್ಟಿದ ಕಾಂಕ್ರೀಟಿಗೆ ಎಂ20ಕ್ಕಿಂತ ಕೆಳಗಿನ ದರ್ಜೆ ಬಳಸಬಾರದೆಂದು ಭಾರತೀಯ ಮಾನಕ ಐಎಸ್ 456:2000 ಹೇಳುತ್ತದೆ. ಹಾಗಾಗಿ 1 : 2 : 4 ಪ್ರಮಾಣದಲ್ಲಿ ತಾರಸಿ ಹಾಕುತ್ತೇವೆ ಎನ್ನುವವರಿಗೆ ಒಪ್ಪಿಗೆ ಕೊಡಬೇಡಿ. ಅದು ಎಂ15, ತಾರಸಿಗೆ ಸಲ್ಲದು.

ಕರಾವಳಿಯ ಓದುಗರಿಗೆ ಒಂದು ಮಾತನ್ನು ಇಲ್ಲೇ ಹೇಳಬೇಕು. ಮಂಗಳೂರು, ಉಡುಪಿ, ಕಾರವಾರದಂತಹ ಕಡೆ ಉಪ್ಪುಗಾಳಿ ಕಂಬಿಯನ್ನು ತಿನ್ನುತ್ತದೆ. ಅಲ್ಲಿ ತೆರೆದ ಕಾಂಕ್ರೀಟಿಗೆ ಅದೇ ಮಾನಕ ಎಂ30 ಕೇಳುತ್ತದೆ. ಎಂ20ಕ್ಕಿಂತ ಮೇಲಿನ ದರ್ಜೆಗೆ ಸಿದ್ಧ ಪ್ರಮಾಣವನ್ನು ಮಾನಕ ಕೊಡುವುದೇ ಇಲ್ಲ. ಪ್ರಯೋಗಾಲಯದಲ್ಲಿ ನಿಮ್ಮ ಮರಳು, ನಿಮ್ಮ ಜಲ್ಲಿಯನ್ನೇ ಪರೀಕ್ಷಿಸಿ ಮಿಶ್ರಣ ನಿಗದಿ ಮಾಡಿಸಬೇಕು. ಒಳನಾಡಿನಲ್ಲೂ ನಿಮ್ಮ ಎಂಜಿನಿಯರ್ ನಕ್ಷೆಯಲ್ಲಿ ಎಂ25 ಎಂದು ಬರೆದಿದ್ದರೆ ಅವರು ಹೇಳಿದ್ದೇ ಅಂತಿಮ, ಈ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಮೊದಲು ಅಳತೆ: ಹಸಿ ಗಾತ್ರ

ತಮ್ಮನ ತಾರಸಿ 30 ಅಡಿ ಉದ್ದ, 22 ಅಡಿ ಅಗಲ. ಎರಡು ಬದಿಗೂ ಒಂದೊಂದು ಅಡಿ ಗೋಡೆಯಿಂದ ಹೊರಗೆ ಚಾಚಿಕೊಂಡಿತ್ತು. ಅದನ್ನೂ ಸೇರಿಸಿಯೇ 22 ಅಡಿ. ಗೋಡೆಯಿಂದ ಗೋಡೆಗೆ ಅಳೆದು ಚಾಚನ್ನು ಮರೆಯುವವರು ಬಹಳ. ಒಟ್ಟು 660 ಚದರ ಅಡಿ. ಮೆಟ್ಟಿಲಿಗೆಂದು 10 ಅಡಿ ಉದ್ದ, 6 ಅಡಿ ಅಗಲದ ಜಾಗ ಬಿಟ್ಟಿದ್ದರು. ಅದನ್ನು ಕಳೆದರೆ 600 ಚದರ ಅಡಿ ಉಳಿಯಿತು. ಪೈಪ್ ಹೋಗುವ ಸಣ್ಣ ತೂತುಗಳನ್ನು ಕಳೆಯಬೇಕಿಲ್ಲ. ಒಳಗಿರುವ ಕಂಬಿಯ ಗಾತ್ರವನ್ನೂ ಕಳೆಯುವ ರೂಢಿ ಇಲ್ಲ.

ದಪ್ಪ 5 ಇಂಚು. ಇದನ್ನು ಅಡಿಗೆ ತಿರುಗಿಸುವಾಗ 12ರಿಂದ ಭಾಗಿಸಬೇಕು. 5 ÷ 12 ಎಂದರೆ 0.417 ಅಡಿ. ಅವಸರದಲ್ಲಿ 5 ಇಂಚನ್ನು 0.5 ಅಡಿ ಎಂದು ಬರೆದ ಚೀಟಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅರ್ಧ ಅಡಿ ಎಂದರೆ 6 ಇಂಚು. ಆ ಒಂದು ತಪ್ಪಿನಿಂದ ಸಾಮಗ್ರಿ ಶೇ. 20ರಷ್ಟು ಏರಿಬಿಡುತ್ತದೆ. ಮೇಸ್ತ್ರಿಯ 80 ಮೂಟೆ ಎಲ್ಲಿಂದ ಬಂತು ಎಂಬುದು ನನಗೆ ಅಲ್ಲೇ ಹೊಳೆದಿತ್ತು.

600 ಚದರ ಅಡಿಯನ್ನು 5 ಇಂಚಿನಿಂದ ಗುಣಿಸಿ 12ರಿಂದ ಭಾಗಿಸಿದರೆ 250 ಘನ ಅಡಿ. ಇದು ಚಪ್ಪಡಿಯದ್ದು ಮಾತ್ರ.

ತಾರಸಿಯ ಜೊತೆಗೇ ಎರಕವಾಗುವ ಬೀಮ್‌ಗಳನ್ನೂ ಸೇರಿಸಬೇಕು. ಇಲ್ಲಿ 20 ಅಡಿ ಉದ್ದದ ಎರಡು ಬೀಮ್‌ಗಳಿದ್ದವು, ಅಗಲ 9 ಇಂಚು, ಒಟ್ಟು ಎತ್ತರ 18 ಇಂಚು. ಆ 18ರಲ್ಲಿ ಮೇಲಿನ 5 ಇಂಚು ಚಪ್ಪಡಿಯ ಲೆಕ್ಕದಲ್ಲಿ ಆಗಲೇ ಬಂದಿದೆ. ಕೆಳಗೆ ಇಳಿಬಿದ್ದ 13 ಇಂಚನ್ನು ಮಾತ್ರ ಹಿಡಿಯಬೇಕು. 20 ಅಡಿ × 0.75 ಅಡಿ × 1.083 ಅಡಿ ಎಂದರೆ ಒಂದು ಬೀಮ್‌ಗೆ 16.25 ಘನ ಅಡಿ, ಎರಡಕ್ಕೆ 32.5 ಘನ ಅಡಿ. ಚಪ್ಪಡಿಯೂ ಸೇರಿ 282.5 ಘನ ಅಡಿ. ಒಂದು ಘನ ಮೀಟರ್‌ಗೆ 35.3 ಘನ ಅಡಿಯಂತೆ, ಇದು ಸರಿಯಾಗಿ 8 ಘನ ಮೀಟರ್.

ಇದಕ್ಕೆ ಹಸಿ ಗಾತ್ರ ಎನ್ನುತ್ತೇವೆ. ಕಲಸಿ, ಸುರಿದು, ವೈಬ್ರೇಟರ್ ಹಾಕಿ ಕೂರಿಸಿದ ಮೇಲೆ ಕಾಂಕ್ರೀಟ್ ತುಂಬಬೇಕಾದ ಜಾಗ ಇದು. ಕಾರ್ಖಾನೆಯಲ್ಲಿ ಕಲಸಿ ಲಾರಿಯಲ್ಲಿ ಬರುವ ರೆಡಿ ಮಿಕ್ಸ್ ತರಿಸುವುದಾದರೆ ನಿಮ್ಮ ಲೆಕ್ಕ ಇಲ್ಲಿಗೇ ಮುಗಿಯಿತು. 8 ಘನ ಮೀಟರ್‌ಗೆ ಸ್ವಲ್ಪ ನಷ್ಟ ಸೇರಿಸಿ ಹೇಳಿದರೆ ಆಯಿತು. ಮುಂದೆ ಬರುವ 1.54ರ ಗುಣಾಕಾರವನ್ನು ರೆಡಿ ಮಿಕ್ಸ್‌ಗೂ ಮಾಡಿದರೆ ಅರ್ಧ ಲೋಡ್ ಕಾಂಕ್ರೀಟ್ ರಸ್ತೆಯ ಪಾಲಾಗುತ್ತದೆ.

ಒಣ ಗಾತ್ರ, ಮತ್ತು 1.54 ಎಂಬ ಸಂಖ್ಯೆ

ಒಂದು ಸೇರು ಕಡಲೆಕಾಯಿ ತುಂಬಿದ ಪಾತ್ರೆಗೆ ರಾಗಿ ಸುರಿದು ಅಲುಗಿಸಿ ನೋಡಿ. ಪಾತ್ರೆ ತುಂಬಿದಂತೆ ಕಂಡರೂ ರಾಗಿ ಸಂದಿಗಳಿಗೆ ಇಳಿಯುತ್ತಲೇ ಹೋಗುತ್ತದೆ. ಅದರ ಮೇಲೆ ಹಿಟ್ಟು ಸುರಿದರೆ ಅದೂ ರಾಗಿಯ ನಡುವೆ ಇಳಿಯುತ್ತದೆ. ಜಲ್ಲಿ, ಮರಳು, ಸಿಮೆಂಟ್ ನಡುವಿನ ಸಂಬಂಧ ಇದೇ. ಜಲ್ಲಿಯ ರಾಶಿಯಲ್ಲಿ ಅರ್ಧಕ್ಕೆ ಹತ್ತಿರ ಗಾಳಿಯೇ ಇರುತ್ತದೆ. ಕಲಸಿದಾಗ ಮರಳು ಆ ಸಂದಿ ಸೇರುತ್ತದೆ, ಮರಳಿನ ಸಂದಿಗೆ ಸಿಮೆಂಟ್ ಹಾಲು ಸೇರುತ್ತದೆ. ಆದ್ದರಿಂದ 8 ಘನ ಮೀಟರ್ ಕಾಂಕ್ರೀಟ್ ಆಗಬೇಕಾದರೆ 8ಕ್ಕಿಂತ ಬಹಳ ಹೆಚ್ಚು ಒಣ ಸಾಮಗ್ರಿ ಬೇಕು. ಎಷ್ಟು ಹೆಚ್ಚು ಎಂಬುದಕ್ಕೆ ನಮ್ಮಲ್ಲಿ ಬಳಕೆಯಲ್ಲಿರುವ ಸಂಖ್ಯೆ 1.54. ಇದು ವಾಡಿಕೆಯ ಅಂದಾಜು. ಜಲ್ಲಿಯ ಆಕಾರ, ಮರಳಿನ ನಯ ಬದಲಾದರೆ ಇದೂ ಅತ್ತಿತ್ತ ಸರಿಯುತ್ತದೆ.

```
ಒಣ ಗಾತ್ರ   = 282.5 × 1.54 = 435 ಘನ ಅಡಿ
ಪಾಲುಗಳು   = 1 + 1.5 + 3   = 5.5
ಒಂದು ಪಾಲು = 435 ÷ 5.5     = 79.1 ಘನ ಅಡಿ
```

ಈ 79.1ರ ಸುತ್ತಲೇ ಎಲ್ಲ ಲೆಕ್ಕವೂ ನಿಂತಿದೆ. ಸಿಮೆಂಟ್ ಒಂದು ಪಾಲು, ಎಂದರೆ 79.1 ಘನ ಅಡಿ. ಮರಳು ಅದರ ಒಂದೂವರೆಯಷ್ಟು, ಸುಮಾರು 118.7 ಘನ ಅಡಿ. ಜಲ್ಲಿ ಮೂರರಷ್ಟು, 237.3 ಘನ ಅಡಿ.

ಸಿಮೆಂಟನ್ನು ಯಾರೂ ಘನ ಅಡಿಯಲ್ಲಿ ಕೊಳ್ಳುವುದಿಲ್ಲ. ಒಂದು ಘನ ಮೀಟರ್ ಸಿಮೆಂಟ್ 1440 ಕೆಜಿ ತೂಗುತ್ತದೆ ಎಂದು ಹಿಡಿಯುವುದು ರೂಢಿ. ಆ ಲೆಕ್ಕದಲ್ಲಿ 50 ಕೆಜಿಯ ಒಂದು ಮೂಟೆ 34.7 ಲೀಟರ್ ಅಥವಾ 1.226 ಘನ ಅಡಿ. 79.1ನ್ನು 1.226ರಿಂದ ಭಾಗಿಸಿದರೆ 64.5 ಮೂಟೆ.

ತಾರಸಿಯ ದಪ್ಪ 5 ಇಂಚೇ ಆಗಿದ್ದರೆ ನೆನಪಿಟ್ಟುಕೊಳ್ಳಲು ಸುಲಭದ ದಾರಿ ಒಂದಿದೆ. ಪ್ರತಿ 100 ಚದರ ಅಡಿಗೆ ಒಂಬತ್ತೂವರೆ ಮೂಟೆ ಸಿಮೆಂಟ್, ಹದಿನೇಳೂವರೆ ಘನ ಅಡಿ ಮರಳು, 35 ಘನ ಅಡಿ ಜಲ್ಲಿ. ಬೀಮ್‌ಗಳನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಸೈಟಿನಲ್ಲಿ ನಿಂತು ಬಾಯಿಲೆಕ್ಕ ಮಾಡಲು ನಾನು ಇದನ್ನೇ ಬಳಸುತ್ತೇನೆ.

ತೇವದ ಮರಳು ಮಾಡುವ ಮೋಸ

ಇಲ್ಲಿಯವರೆಗೆ ಮಾಡಿದ್ದೆಲ್ಲ ಒಣ ಮರಳಿನ ಲೆಕ್ಕ. ಸೈಟಿಗೆ ಒಣ ಮರಳು ಬರುವುದು ಅಪರೂಪ. ನದಿ ಮರಳಾಗಲಿ ತೊಳೆದ ಎಂ-ಸ್ಯಾಂಡ್ ಆಗಲಿ, ನೀರು ಸೋರಿಸುತ್ತಲೇ ಬರುತ್ತದೆ. ಸ್ವಲ್ಪ ತೇವವಿದ್ದಾಗ ಪ್ರತಿ ಕಣದ ಸುತ್ತಲೂ ನೀರಿನ ತೆಳುಪದರ ಕೂತು, ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಮರಳು ಉಬ್ಬುತ್ತದೆ. ಅಷ್ಟೇ ಮರಳು ಹೆಚ್ಚು ಜಾಗ ಹಿಡಿಯುತ್ತದೆ. ಪೂರ್ತಿ ನೀರಿನಲ್ಲಿ ಮುಳುಗಿಸಿದರೆ ಮತ್ತೆ ಕುಸಿದು ಮೊದಲಿನ ಅಳತೆಗೆ ಬರುತ್ತದೆ. ಜಲ್ಲಿಗೆ ಈ ತೊಂದರೆ ಇಲ್ಲ, ಅದರ ಕಲ್ಲುಗಳು ಅಷ್ಟು ತೆಳು ಪದರಕ್ಕೆ ಜಗ್ಗುವುದಿಲ್ಲ.

ಹಲವು ವರ್ಷಗಳ ಹಿಂದೆ ಅಕ್ಕನ ಮನೆಯ ತಾರಸಿಯಲ್ಲಿ ನಾನು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಿಂದಿನ ರಾತ್ರಿ ಮಳೆಯಾಗಿತ್ತು. ಒಂದು ಮೂಟೆ ಸಿಮೆಂಟ್ ಹಿಡಿಸುವಷ್ಟು ದೊಡ್ಡ ಅಳತೆ ಪೆಟ್ಟಿಗೆ ಇಟ್ಟುಕೊಂಡು, ಒಂದು ಮೂಟೆಗೆ ಒಂದೂವರೆ ಪೆಟ್ಟಿಗೆ ಮರಳು ಎಂದು ನಾನೇ ನಿಂತು ಅಳೆಸಿದೆ. ಅಳತೆ ಸರಿಯಾಗಿಯೇ ಇತ್ತು, ಆದರೆ ಪೆಟ್ಟಿಗೆಯೊಳಗೆ ಇರಬೇಕಾದಷ್ಟು ಮರಳು ಇರಲಿಲ್ಲ. ಕಾಂಕ್ರೀಟ್ ಒರಟೊರಟಾಗಿ, ಜಲ್ಲಿಯೇ ಎದ್ದು ಕಾಣುವಂತೆ ಬರುತ್ತಿತ್ತು. ಕರಣೆ ಎಳೆದರೆ ಮೇಲ್ಮೈ ಮುಚ್ಚಿಕೊಳ್ಳುತ್ತಿರಲಿಲ್ಲ. ಬೀಮಿನ ಹಲಗೆ ಬಿಚ್ಚಿದ ದಿನ ತಳದಲ್ಲಿ ಎರಡಡಿ ಉದ್ದಕ್ಕೆ ಜೇನುಗೂಡಿನಂತೆ ತೂತು, ಒಳಗಿನ ಕಂಬಿಯೂ ಕಾಣುತ್ತಿತ್ತು. ಎಂಜಿನಿಯರ್ ಬಂದು ನೋಡಿ, ಸಡಿಲವಾಗಿದ್ದನ್ನೆಲ್ಲ ಕೆತ್ತಿ ತೆಗೆಸಿ ದುರಸ್ತಿ ಮಾಡಿಸಿದರು. ಅಂದಿನಿಂದ ಕೆಳಗಿನ ಪರೀಕ್ಷೆ ಮಾಡದೆ ನಾನು ಮರಳು ಅಳೆಸಿಲ್ಲ.

ಬೇಕಾಗುವುದು ಒಂದು ನೇರ ಬದಿಯ ಡಬ್ಬ ಮತ್ತು ಒಂದು ಸ್ಕೇಲ್. ರಾಶಿಯ ಮೇಲ್ಪದರ ಒಣಗಿರುತ್ತದೆ, ಅದನ್ನು ಸರಿಸಿ ಒಳಗಿನ ಮರಳನ್ನು ಡಬ್ಬಕ್ಕೆ ಸಡಿಲವಾಗಿ, ಒತ್ತದೆ ತುಂಬಿಸಿ. ಮೇಲೆ ಸಮ ಮಾಡಿ ಎತ್ತರ ಅಳೆಯಿರಿ. ತಮ್ಮನ ಸೈಟಿನಲ್ಲಿ 20 ಸೆಂ.ಮೀ. ಇತ್ತು. ಆ ಮರಳನ್ನು ಒಂದು ಹಾಳೆಯ ಮೇಲೆ ಚೂರೂ ಚೆಲ್ಲದಂತೆ ಸುರಿದುಕೊಂಡು, ಡಬ್ಬಕ್ಕೆ ಅರ್ಧದಷ್ಟು ನೀರು ಹಾಕಿ, ಮರಳನ್ನು ಮತ್ತೆ ಅದರೊಳಗೆ ಹಾಕುತ್ತಾ ಕಂಬಿಯ ತುಂಡಿನಿಂದ ತಿವಿಯಿರಿ. ಮರಳು ಪೂರ್ತಿ ನೀರಿನಡಿ ಇರಬೇಕು. ಈಗ ಎತ್ತರ 16 ಸೆಂ.ಮೀ.ಗೆ ಇಳಿದಿತ್ತು. 4 ಸೆಂ.ಮೀ. ಕುಸಿದಿದೆ. ಅದನ್ನು 16ರಿಂದ ಭಾಗಿಸಬೇಕು, 20ರಿಂದ ಅಲ್ಲ. ಶೇ. 25ರಷ್ಟು ಉಬ್ಬು.

ಎಂದರೆ 118.7 ಘನ ಅಡಿ ಒಣ ಮರಳಿನ ಬದಲು ಈ ತೇವದ ಮರಳು 148 ಘನ ಅಡಿ ಬೇಕು. ಒಂದು ಮೂಟೆಗೆ ಒಂದೂವರೆ ಪೆಟ್ಟಿಗೆಯ ಬದಲು ಎರಡಕ್ಕೆ ಸ್ವಲ್ಪವೇ ಕಡಿಮೆ, 1.875 ಪೆಟ್ಟಿಗೆ. ಪ್ರಮಾಣ ಕೆಟ್ಟಿತೇ ಎಂದು ಮೇಸ್ತ್ರಿ ಅನುಮಾನಪಟ್ಟರು. ಡಬ್ಬ ತೋರಿಸಿದ ಮೇಲೆ ಒಪ್ಪಿದರು. ಮರಳಿನ ತೇವ ದಿನದಿಂದ ದಿನಕ್ಕೆ ಬದಲಾಗುವುದರಿಂದ ಈ ಪರೀಕ್ಷೆಯನ್ನು ಆರ್ಡರ್ ಕೊಡುವಾಗ ಒಮ್ಮೆ, ತಾರಸಿ ಹಾಕುವ ಬೆಳಿಗ್ಗೆ ಇನ್ನೊಮ್ಮೆ ಮಾಡಬೇಕು.

ಆರ್ಡರ್ ಕೊಡುವುದು

ಚೆಲ್ಲುವುದು, ನೆಲಕ್ಕೆ ಅಂಟಿ ಉಳಿಯುವುದು ಎಂದು ಸಿಮೆಂಟಿಗೆ ಶೇ. 3, ಮರಳು ಜಲ್ಲಿಗೆ ಶೇ. 5 ಸೇರಿಸಿದರೆ ಸಾಕು. ಸಿಮೆಂಟ್ 67 ಮೂಟೆ, ತೇವದ ಮರಳು 155 ಘನ ಅಡಿ, ಜಲ್ಲಿ 250 ಘನ ಅಡಿ. ಜಲ್ಲಿಯಲ್ಲಿ ಹೆಚ್ಚು ಪಾಲು ಮುಕ್ಕಾಲು ಇಂಚಿನದ್ದು, ಉಳಿದದ್ದು ಅರ್ಧ ಇಂಚಿನದ್ದು ಎಂದು ಬೆರೆಸಿದರೂ ಒಟ್ಟು ಮೊತ್ತ ಅಷ್ಟೇ.

ಲೋಡ್ ಬಂದಾಗ ಟೇಪ್ ಹಿಡಿಯಲು ಸಂಕೋಚಪಡಬೇಡಿ. ಯೂನಿಟ್ ಎಂದರೂ, ಉತ್ತರ ಕರ್ನಾಟಕದಲ್ಲಿ ಬ್ರಾಸ್ ಎಂದರೂ 100 ಘನ ಅಡಿಯೇ. ಟಿಪ್ಪರ್ ಡಬ್ಬದ ಒಳ ಉದ್ದ, ಒಳ ಅಗಲ ಅಳೆದು, ಗುಡ್ಡೆಯಾಗಿರುವ ಮರಳನ್ನು ಸಮ ಮಾಡಿಸಿ ಎತ್ತರ ಅಳೆಯಬೇಕು. ಒಳಗೆ 10 ಅಡಿ ಉದ್ದ, 6 ಅಡಿ ಅಗಲವಿದ್ದರೆ, 155 ಘನ ಅಡಿಗೆ ಮರಳು 2 ಅಡಿ 7 ಇಂಚು ಎತ್ತರಕ್ಕೆ ನಿಲ್ಲಬೇಕು.

ಈಗ ಬಹಳ ಕಡೆ ಕ್ರಷರ್‌ನವರು ಟನ್ ಲೆಕ್ಕದಲ್ಲಿ ಮಾರುತ್ತಾರೆ. ಘನ ಅಡಿಯನ್ನು ಟನ್‌ಗೆ ತಿರುಗಿಸಲು ಯಾರೋ ಹೇಳಿದ ಸಂಖ್ಯೆಗಿಂತ ನಿಮ್ಮ ಸಾಮಗ್ರಿಯನ್ನೇ ತೂಗುವುದು ಉತ್ತಮ. 35 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ, 40 ಸೆಂ.ಮೀ. ಆಳದ ಹಲಗೆ ಅಥವಾ ತಗಡಿನ ಪೆಟ್ಟಿಗೆ ಮಾಡಿಸಿ. ಅದು 35 ಲೀಟರ್ ಹಿಡಿಯುತ್ತದೆ, ಒಂದು ಮೂಟೆ ಸಿಮೆಂಟಿಗೆ ಸರಿಸಮ. ಅದನ್ನು ಮರಳಿನಿಂದ ತುಂಬಿ ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ 47 ಕೆಜಿ ಬಂತು. 148 ಘನ ಅಡಿ ಎಂದರೆ 120 ಪೆಟ್ಟಿಗೆ, ಹಾಗಾಗಿ ಸುಮಾರು 5.6 ಟನ್. ಜಲ್ಲಿ ಒಂದು ಪೆಟ್ಟಿಗೆಗೆ ಐವತ್ತೆರಡೂವರೆ ಕೆಜಿ ತೂಗಿತು. 192 ಪೆಟ್ಟಿಗೆಗೆ ಹತ್ತು ಟನ್ ಚಿಲ್ಲರೆ. ನಷ್ಟದ ಶೇ. 5 ಇದರ ಮೇಲೆ. ತೂಕದಲ್ಲಿ ಕೊಂಡರೆ ಉಬ್ಬಿನ ಮೋಸ ಇಲ್ಲ, ಆದರೆ ನೀರಿನ ತೂಕಕ್ಕೂ ಹಣ ಕೊಟ್ಟಿರುತ್ತೀರಿ.

ಕಲಸುವಾಗ ಅಳತೆ ಉಳಿಯಬೇಕು

ಕಾಗದದ ಮೇಲಿನ 1 : 1.5 : 3 ಮಿಕ್ಸರ್ ಬಾಯಿಗೆ ಬರುವಷ್ಟರಲ್ಲಿ ಬದಲಾಗುವುದೇ ಹೆಚ್ಚು. ಬಾಂಡ್ಲಿಯಲ್ಲಿ ಎಣಿಸಿ ಹಾಕುವಾಗ ಬೆಳಿಗ್ಗೆ ಗೋಪುರದಂತೆ ತುಂಬಿದ ಬಾಂಡ್ಲಿ ಮಧ್ಯಾಹ್ನ ಮುಕ್ಕಾಲಾಗಿರುತ್ತದೆ. ಕೆಲಸದವರನ್ನು ದೂರಿ ಫಲವಿಲ್ಲ, ದಿನವಿಡೀ ಹೊರುವ ಕೈ ಸೋಲುತ್ತದೆ. ಪೆಟ್ಟಿಗೆ ಬಳಸಿದರೆ ಅಳತೆ ಸೋಲುವುದಿಲ್ಲ. ಸಿಮೆಂಟನ್ನು ಮಾತ್ರ ಪೆಟ್ಟಿಗೆಯಲ್ಲಿ ಅಳೆಯಬಾರದು. ಸುರಿದಾಗ ಅದು ಗಾಳಿ ತುಂಬಿಕೊಂಡು ಹಗುರಾಗುತ್ತದೆ. ಪ್ರತಿ ಸಲವೂ ಪೂರ್ತಿ ಮೂಟೆಯನ್ನೇ ಒಡೆದು ಹಾಕಬೇಕು. ಒಂದು ಮೂಟೆಗೆ ಮೂರು ಪೆಟ್ಟಿಗೆ ಜಲ್ಲಿ. ಮರಳು ಮೊದಲು ಒಂದು ಪೂರ್ತಿ ಪೆಟ್ಟಿಗೆ, ಎರಡನೆಯದರಲ್ಲಿ ಮೇಲಿನಿಂದ 5 ಸೆಂ.ಮೀ. ಕೆಳಗೆ ಒಳಗಡೆ ಬಣ್ಣದಲ್ಲಿ ಎಳೆದ ಗೆರೆಯವರೆಗೆ. 40 ಸೆಂ.ಮೀ. ಆಳದಲ್ಲಿ 35 ತುಂಬಿದರೆ 0.875 ಪೆಟ್ಟಿಗೆ ಆಯಿತು.

ನೀರಿನದ್ದೂ ಲೆಕ್ಕವೇ. ಎಂ20ರ ಸಿದ್ಧ ಪ್ರಮಾಣಕ್ಕೆ ಐಎಸ್ 456 ಮೂಟೆಗೆ ಗರಿಷ್ಠ 30 ಲೀಟರ್ ಎನ್ನುತ್ತದೆ. ಅದೇ ಮಾನಕದ ಇನ್ನೊಂದು ಕೋಷ್ಟಕ, ಕಂಬಿ ಇರುವ ಕಾಂಕ್ರೀಟಿನಲ್ಲಿ ನೀರು ಸಿಮೆಂಟಿನ ತೂಕದ 0.55 ಭಾಗವನ್ನು ಮೀರಬಾರದು ಎನ್ನುತ್ತದೆ. ಅದು ಇಪ್ಪತ್ತೇಳೂವರೆ ಲೀಟರ್. ಎರಡರಲ್ಲಿ ಚಿಕ್ಕದನ್ನೇ ಹಿಡಿಯಿರಿ. ಇದರಲ್ಲಿ ಮರಳು ತಾನೇ ಹೊತ್ತು ತಂದ ನೀರನ್ನು ಕಳೆಯಬೇಕು. ಒಂದು ಕೆಜಿ ತೇವದ ಮರಳನ್ನು ಬಾಣಲೆಯಲ್ಲಿ ಹುರಿದು ಮತ್ತೆ ತೂಗಿದಾಗ 950 ಗ್ರಾಂ ಉಳಿಯಿತು. ಒಂದು ಮೂಟೆಯ ಪಾಲಿಗೆ ಬರುವ ಮರಳು ಒಣಗಿದ್ದಾಗ ಸುಮಾರು 84 ಕೆಜಿ, ಅದರ ಜೊತೆ ಬರುವ ನೀರು ನಾಲ್ಕು ಲೀಟರಿಗೂ ಸ್ವಲ್ಪ ಹೆಚ್ಚು. ಹಾಗಾಗಿ ಮಿಕ್ಸರ್‌ಗೆ ಮೇಲಿನಿಂದ ಹಾಕಬೇಕಾದದ್ದು 23 ಲೀಟರ್. ಬಕೆಟ್ಟಿಗೆ ಗುರುತು ಮಾಡಿ ಇಡಿ. ಪೈಪ್ ನೇರವಾಗಿ ಮಿಕ್ಸರ್ ಬಾಯಿಗೆ ಬಿಟ್ಟಿದ್ದನ್ನು ಕಂಡರೆ ಕೆಲಸ ನಿಲ್ಲಿಸಿ. ಹರಿಯುವ ಕಾಂಕ್ರೀಟ್ ಕೆಲಸದವರಿಗೆ ಸುಲಭ, ಆದರೆ ಹೆಚ್ಚಿನ ನೀರು ಆರಿಹೋದ ಜಾಗವೆಲ್ಲ ತೂತಾಗಿ ಉಳಿಯುತ್ತದೆ. ಮುಂದೆ ತಾರಸಿ ಸೋರುವುದು ಅಲ್ಲಿಂದಲೇ.

ಖಾಲಿ ಚೀಲ ಎಣಿಸಿ ಲೆಕ್ಕ ಒರೆಗೆ ಹಚ್ಚುವುದು

ಸಾಮಗ್ರಿ ತರಿಸಿದ ಮೇಲೆ ಲೆಕ್ಕದ ಚೀಟಿಯನ್ನು ಬಹುತೇಕರು ಬಿಸಾಡುತ್ತಾರೆ. ನನ್ನ ಮಟ್ಟಿಗೆ ಅದರ ನಿಜವಾದ ಉಪಯೋಗ ತಾರಸಿ ಹಾಕುವ ದಿನವೇ. ಆ ದಿನ ನಾನು ಒಬ್ಬ ಹುಡುಗನಿಗೆ ಖಾಲಿ ಸಿಮೆಂಟ್ ಚೀಲಗಳನ್ನು ಹತ್ತತ್ತರ ಕಟ್ಟು ಮಾಡಿ ಇಡಲು ಹೇಳುತ್ತೇನೆ.

282.5 ಘನ ಅಡಿಗೆ 64.5 ಮೂಟೆಯಾದರೆ ಒಂದು ಮೂಟೆಗೆ 4.38 ಘನ ಅಡಿ ಕಾಂಕ್ರೀಟ್. 5 ಇಂಚಿನ ಚಪ್ಪಡಿಯಲ್ಲಿ ಅದು ಹತ್ತೂವರೆ ಚದರ ಅಡಿ. 1.54ರಲ್ಲಿ ಸ್ವಲ್ಪ ಧಾರಾಳವಿದೆ. ಅಳತೆ ಸರಿಯಾಗಿದ್ದರೆ ವಾಸ್ತವದಲ್ಲಿ ಮೂಟೆಗೆ ಹತ್ತೂವರೆಯಿಂದ ಹನ್ನೊಂದೂವರೆ ಚದರ ಅಡಿ ಆಗುವುದು ಸಹಜ.

ಹತ್ತಕ್ಕಿಂತ ಕೆಳಗೆ ಇಳಿದರೆ ಮೊದಲು ದಪ್ಪವನ್ನು ಅನುಮಾನಿಸಿ. ಸೆಂಟ್ರಿಂಗ್ ಶೀಟ್‌ಗಳು ಎಲ್ಲೋ ಜಗ್ಗಿರುತ್ತವೆ, ಅಥವಾ ಮಟ್ಟದ ದಾರ ಮೇಲೆ ಹೋಗಿರುತ್ತದೆ. ಈ ತಾರಸಿಯಲ್ಲಿ ಬರೀ ಅರ್ಧ ಇಂಚು ದಪ್ಪ ಏರಿದರೆ 25 ಘನ ಅಡಿ ಹೆಚ್ಚು ಬೇಕಾಗುತ್ತದೆ, ಸುಮಾರು ಆರು ಮೂಟೆ ಸಿಮೆಂಟ್. ದುಡ್ಡಿಗಿಂತ ಆ ಹೆಚ್ಚುವರಿ ಭಾರದ ಚಿಂತೆ ದೊಡ್ಡದು. ಆದ್ದರಿಂದ ಎರಕಕ್ಕೆ ಮುಂಚೆಯೇ ದಾರದಿಂದ ಶೀಟ್‌ವರೆಗೆ ಹತ್ತು ಹನ್ನೆರಡು ಕಡೆ ಅಳೆದು ನೋಡಬೇಕು. ದಪ್ಪ ಸರಿಯಿದ್ದೂ ಕಡಿಮೆ ಬಂದರೆ ಮರಳು ಉಬ್ಬಿದೆ, ಪೆಟ್ಟಿಗೆಯಲ್ಲಿ ಮರಳು ಸಾಲುತ್ತಿಲ್ಲ.

ಹನ್ನೆರಡನ್ನು ಮೀರಿದರೆ ಖುಷಿಪಡಬೇಡಿ. ದಪ್ಪ ಕಡಿಮೆಯಾಗುತ್ತಿದೆ, ಇಲ್ಲವೇ ಮೂಟೆಯೊಂದಕ್ಕೆ ಲೆಕ್ಕ ತಪ್ಪಿ ಮರಳು ಜಲ್ಲಿ ಬೀಳುತ್ತಿದೆ. ಇನ್ನೂ ಗಟ್ಟಿಯಾಗದ ಕಾಂಕ್ರೀಟಿಗೆ 5 ಇಂಚಿನ ಗುರುತಿರುವ ಕಂಬಿ ಚುಚ್ಚಿ ನೋಡಿದರೆ ಯಾವುದೆಂದು ಅಲ್ಲೇ ತಿಳಿಯುತ್ತದೆ.

ತಮ್ಮನ ತಾರಸಿಯಲ್ಲಿ ಊಟದ ಹೊತ್ತಿಗೆ ಮೂರು ಕಟ್ಟು, ಎಂದರೆ 30 ಮೂಟೆ ಖಾಲಿಯಾಗಿದ್ದವು. ಆ ವೇಳೆಗೆ ಒಂದು ಬೀಮ್ ತುಂಬಿತ್ತು. 30ನ್ನು 4.38ರಿಂದ ಗುಣಿಸಿ ಬೀಮಿನ 16.25 ಕಳೆದರೆ ಚಪ್ಪಡಿಗೆ ಹೋದದ್ದು 115 ಘನ ಅಡಿ, 276 ಚದರ ಅಡಿ ಮುಚ್ಚಿರಬೇಕು. ಟೇಪ್ ಹಿಡಿದರೆ 22 ಅಡಿ ಅಗಲಕ್ಕೆ 13 ಅಡಿ 2 ಇಂಚು ಬಂದಿತ್ತು, 290 ಚದರ ಅಡಿ. ಲೆಕ್ಕಕ್ಕಿಂತ ತುಸು ಮುಂದೆ, ಆದರೆ ಹದ್ದಿನೊಳಗೆ. ಕಂಬಿ ಚುಚ್ಚಿ ನೋಡಿದೆ, ದಪ್ಪ 5 ಇಂಚೇ ಇತ್ತು. ಬಿಸಿಲಿಗೆ ಮರಳಿನ ರಾಶಿ ಒಣಗತೊಡಗಿದ್ದರಿಂದ ಊಟದ ನಂತರ ಡಬ್ಬದ ಪರೀಕ್ಷೆ ಮತ್ತೊಮ್ಮೆ ಮಾಡಿ, ಪೆಟ್ಟಿಗೆಯ ಗೆರೆಯನ್ನು ಇನ್ನೊಂದು ಬೆರಳು ಕೆಳಗಿಳಿಸಿದೆವು.

ಸಂಜೆ ಮೂಲೆಯ ಕೊನೆಯ ಬಾಂಡ್ಲಿ ಬಿದ್ದಾಗ ಆರು ಕಟ್ಟಿನ ಮೇಲೆ ಎರಡು ಖಾಲಿ ಚೀಲಗಳಿದ್ದವು. 62 ಮೂಟೆ. ಉಳಿದ ಐದನ್ನು ನೆಲದ ತೇವ ತಾಗದಂತೆ ಹಲಗೆಯ ಮೇಲೆ ಏರಿಸಿ ಟಾರ್ಪಾಲ್ ಹೊದಿಸಿದೆವು. ಮುಂದಿನ ವಾರ ಮೆಟ್ಟಿಲಿನ ಕೆಲಸಕ್ಕೆ ಅವು ಆದವು.